ಅಚ್ಚಿನಿಂದ ಅಂಚಿಗೆ: ಫ್ಯಾರಡೆಯ ತಾಮ್ರದ ತಟ್ಟೆಯ ಕಥೆ

ಕೆಲವು ವರ್ಷಗಳ ಹಿಂದಿನ ಒಂದು ಸಂಜೆ. ಹೃದಯದ ಎಂ.ಆರ್.ಐ. ಪರೀಕ್ಷೆಗೆಂದು ಬಂದಿದ್ದ ರೋಗಿಯೊಬ್ಬರನ್ನು ಯಂತ್ರದ ಸುರಂಗದೊಳಗೆ ಸರಿಸಲಾಯಿತು. ಹೊರಗಿದ್ದಾಗ ಅವರ ಇ.ಸಿ.ಜಿ. ಸಹಜವಾಗಿಯೇ ಇತ್ತು. ಒಳಗೆ ಹೋದ ಕೆಲವೇ ಕ್ಷಣಗಳಲ್ಲಿ ತೆರೆಯ ಮೇಲಿನ ಟಿ ತರಂಗ ಮೇಲೆದ್ದು, ಗುಡ್ಡದಂತೆ ನಿಂತಿತು. ಹೃದಯದ ಸ್ನಾಯುವಿಗೆ ರಕ್ತ ಸಾಲದಾದಾಗಲೂ ರಕ್ತದಲ್ಲಿ ಪೊಟ್ಯಾಸಿಯಂ ಏರಿದಾಗಲೂ ಟಿ ತರಂಗ ಹೀಗೆ ಎದ್ದು ನಿಲ್ಲುವುದುಂಟು. ನಾವು ಪರೀಕ್ಷೆಯನ್ನು ನಿಲ್ಲಿಸಲು ಹೇಳುವುದರಲ್ಲಿದ್ದೆವು. ಆದರೆ ಇಪ್ಪತ್ತು ವರ್ಷಗಳಿಂದ ಆ ಯಂತ್ರದ ಮುಂದೆ ಕುಳಿತಿದ್ದ ತಂತ್ರಜ್ಞರು ಗಾಬರಿಯಾಗಲಿಲ್ಲ. ರೋಗಿಯನ್ನು ಮಾತನಾಡಿಸಿ, ಎದೆನೋವಿಲ್ಲವೆಂದು ಖಚಿತಪಡಿಸಿಕೊಂಡು, ಮೇಜನ್ನು ನಿಧಾನವಾಗಿ ಹೊರಗೆಳೆದರು. ಗುಡ್ಡ ಕರಗಿತು. ಮತ್ತೆ ಒಳಗೆ ತಳ್ಳಿದರು. ಗುಡ್ಡ ಮತ್ತೆ ಎದ್ದಿತು. "ಇದು ಹೃದಯದ್ದಲ್ಲ ಡಾಕ್ಟರೇ, ಅಯಸ್ಕಾಂತದ್ದು" ಎಂದಷ್ಟೇ ಹೇಳಿದರು.

ಆ ರಾತ್ರಿ ಮನೆಗೆ ಬರುವಾಗ ನಮಗೆ ನೆನಪಾದದ್ದು ಪಿ.ಯು.ಸಿ. ದಿನಗಳ ಒಂದು ಸೂತ್ರ. ಕಾಂತಕ್ಷೇತ್ರಕ್ಕೆ ಲಂಬವಾಗಿ ತಿರುಗುವ ತಾಮ್ರದ ತಟ್ಟೆಯ ಅಚ್ಚಿಗೂ ಅಂಚಿಗೂ ನಡುವೆ ಹುಟ್ಟುವ ವಿದ್ಯುಚ್ಚಾಲಕ ಬಲ ½BωR². ಪ್ರವೇಶ ಪರೀಕ್ಷೆಯಲ್ಲಿ ಇದಕ್ಕೆ ಸರಿಯುತ್ತರ ಗುರುತಿಸಿ ಅಂಕ ಪಡೆದವರಲ್ಲಿ ನಾವೂ ಒಬ್ಬರು. ಆದರೆ ಆ ವಿದ್ಯುತ್ತು ಯಾವ ದಾರಿಯಲ್ಲಿ ಹೋಗುತ್ತದೆ, ಎಲ್ಲಿಂದ ಹಿಂತಿರುಗುತ್ತದೆ ಎಂದು ಯಾರೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ. ಎಂ.ಆರ್.ಐ. ಸುರಂಗದಲ್ಲಿ ಎದ್ದ ಆ ಗುಡ್ಡಕ್ಕೆ ಉತ್ತರವಿದ್ದದ್ದು ಕೇಳದೆ ಬಿಟ್ಟಿದ್ದ ಆ ಪ್ರಶ್ನೆಯಲ್ಲಿಯೇ. ಅದರ ಬೆನ್ನು ಹತ್ತಿ ಹೋದರೆ ನಾವು ತಲುಪುವುದು ಲಂಡನ್ನಿನ ಪೂರ್ವಕ್ಕಿರುವ ವುಲಿಚ್‌ನ ಒಂದು ಮನೆಗೆ, 1831ರ ಅಕ್ಟೋಬರ್ 28ನೆಯ ದಿನಕ್ಕೆ.

ಕಥೆ ಆರಂಭವಾಗುವುದು ಅದಕ್ಕೂ ಏಳು ವರ್ಷ ಮೊದಲು, ಪ್ಯಾರಿಸ್ಸಿನಲ್ಲಿ. ತೂಗುಬಿಟ್ಟ ಕಾಂತಸೂಜಿಯೊಂದು ಗಾಳಿಯಲ್ಲಿ ಬಹಳ ಹೊತ್ತು ಆಚೀಚೆ ಓಲಾಡುತ್ತದೆ. ಅದರ ಕೆಳಗೆ ತಾಮ್ರದ ಹಲಗೆಯಿದ್ದರೆ ಬೇಗನೆ ನಿಂತುಬಿಡುತ್ತದೆ. 1824ರಲ್ಲಿ ಫ್ರಾಂಸ್ವಾ ಅರಾಗೋ ಇದನ್ನು ಗಮನಿಸಿದರು. ತಾಮ್ರವೇನೂ ಕಬ್ಬಿಣವಲ್ಲ, ಅಯಸ್ಕಾಂತಕ್ಕೆ ಅಂಟಿಕೊಳ್ಳುವುದಿಲ್ಲ. ಹಾಗಾದರೆ ಸೂಜಿಯನ್ನು ತಡೆದದ್ದು ಯಾವುದು? ಅರಾಗೋ ಪ್ರಯೋಗವನ್ನು ತಿರುಗಿಸಿ ಹಾಕಿದರು. ಸೂಜಿಯ ಕೆಳಗೆ ತಾಮ್ರದ ತಟ್ಟೆಯನ್ನೇ ತಿರುಗಿಸಿದಾಗ ಸೂಜಿ ಮೊದಲು ವಾಲಿತು. ವೇಗ ಹೆಚ್ಚಿದಾಗ ತಟ್ಟೆಯ ಜೊತೆಗೇ ಸುತ್ತತೊಡಗಿತು.

ಮರುವರ್ಷ ಲಂಡನ್ನಿನಲ್ಲಿ ಚಾರ್ಲ್ಸ್ ಬ್ಯಾಬೇಜ್ ಮತ್ತು ಜಾನ್ ಹರ್ಷೆಲ್ ಇದನ್ನು ಮತ್ತೆ ಮಾಡಿ ನೋಡಿದರು. ಅವರು ಕಂಡುಕೊಂಡ ಒಂದು ಸಂಗತಿ ನಮ್ಮ ಕಥೆಗೆ ಬಹಳ ಮುಖ್ಯ. ತಟ್ಟೆಯ ಅಂಚಿನಿಂದ ನಡುವಿನ ಕಡೆಗೆ ಗರಗಸದಿಂದ ಸೀಳುಗಳನ್ನು ಮಾಡಿದರೆ ಎಳೆತ ಬಹಳಷ್ಟು ಕುಗ್ಗುತ್ತಿತ್ತು. ಆ ಸೀಳುಗಳನ್ನು ಲೋಹದ ಬೆಸುಗೆಯಿಂದ ತುಂಬಿದರೆ ಎಳೆತ ಬಹುಮಟ್ಟಿಗೆ ಮರಳಿ ಬರುತ್ತಿತ್ತು. ತಾಮ್ರದ ತೂಕ ಹೆಚ್ಚುಕಡಿಮೆ ಅಷ್ಟೇ ಇದೆ, ಆಕಾರವೂ ಅದೇ. ಬದಲಾದದ್ದು ಒಂದೇ: ತಟ್ಟೆಯೊಳಗೆ ಏನೋ ಒಂದು ಹರಿಯಲು ಇದ್ದ ದಾರಿ ಕಡಿದುಹೋಗಿತ್ತು. ಇಂದು ನಮಗೆ ಇದು ಸುಲಭವಾಗಿ ಹೊಳೆಯುತ್ತದೆ. ಆದರೆ ಚಲನೆಯಿಂದ ವಿದ್ಯುತ್ತು ಹುಟ್ಟಬಹುದೆಂಬುದೇ ಅಂದಿನವರಿಗೆ ಗೊತ್ತಿರಲಿಲ್ಲ. ಆದ್ದರಿಂದ ತಿರುಗುವ ತಾಮ್ರ ತಾತ್ಕಾಲಿಕವಾಗಿ ಅಯಸ್ಕಾಂತವಾಗುತ್ತದೆ ಎಂಬ ವಿವರಣೆಗೇ ಹಲವರು ತೃಪ್ತರಾದರು.

1831ರ ಆಗಸ್ಟ್ 29ರಂದು ಮೈಕೆಲ್ ಫ್ಯಾರಡೆ ಕಬ್ಬಿಣದ ಬಳೆಯೊಂದರ ಎರಡು ಬದಿಗಳಿಗೆ ತಂತಿ ಸುತ್ತಿ, ಒಂದು ಸುರುಳಿಯಲ್ಲಿ ಪ್ರವಾಹವನ್ನು ಹರಿಸಿದಾಗಲೂ ನಿಲ್ಲಿಸಿದಾಗಲೂ ಇನ್ನೊಂದರಲ್ಲಿ ಕ್ಷಣಿಕ ಪ್ರವಾಹ ಹುಟ್ಟುವುದನ್ನು ಕಂಡರು. ಸೂಜಿ ಒಮ್ಮೆ ತುಯ್ದಾಡಿ ಮತ್ತೆ ಸುಮ್ಮನಾಗುತ್ತಿತ್ತು. ಅವರಿಗೆ ಬೇಕಾಗಿದ್ದದ್ದು ನಿಲ್ಲದೆ ಹರಿಯುವ ಪ್ರವಾಹ. ಆಗ ಅರಾಗೋ ಅವರ ತಟ್ಟೆ ನೆನಪಾಯಿತು. ಸೂಜಿಯನ್ನು ಎಳೆಯುತ್ತಿರುವುದು ತಟ್ಟೆಯೊಳಗೆ ಹುಟ್ಟುವ ವಿದ್ಯುತ್ ಪ್ರವಾಹವೇ ಆಗಿದ್ದರೆ, ಆ ಪ್ರವಾಹವನ್ನು ತಂತಿಯ ಮೂಲಕ ಹೊರಗೆ ತರಲು ಸಾಧ್ಯವಾಗಬೇಕಲ್ಲವೇ?

ಅದಕ್ಕೆ ಬಲವಾದ ಅಯಸ್ಕಾಂತ ಬೇಕಿತ್ತು. ರಾಯಲ್ ಸೊಸೈಟಿಯ ಬಳಿ ಹದಿನೆಂಟನೆಯ ಶತಮಾನದ ಗೋವಿನ್ ನೈಟ್ ಎಂಬುವರ ಹಳೆಯ ಮಹಾ ಅಯಸ್ಕಾಂತವೊಂದಿತ್ತು. ಅದು ಆಗ ವುಲಿಚ್‌ನಲ್ಲಿ ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿಯವರ ಮನೆಯಲ್ಲಿ, ಅವರ ಸುಪರ್ದಿನಲ್ಲಿತ್ತು. ಒಂದೊಂದೂ 15 ಅಂಗುಲ ಉದ್ದದ ಸುಮಾರು 450 ಕಾಂತಪಟ್ಟಿಗಳನ್ನು ಪೆಟ್ಟಿಗೆಯೊಂದರಲ್ಲಿ ಜೋಡಿಸಿ ಅದನ್ನು ಮಾಡಲಾಗಿತ್ತು. ಅದರ ಎರಡು ಧ್ರುವಗಳು ಒಂಬತ್ತು ಅಂಗುಲ ದೂರದಲ್ಲಿದ್ದವು. ಫ್ಯಾರಡೆ ಅವುಗಳಿಗೆ ಚಿಕ್ಕ ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ, ತಟ್ಟೆಯ ಅಂಚು ನುಸುಳುವಷ್ಟು ಇಕ್ಕಟ್ಟಾದ ಕಂಡಿಯನ್ನು ಉಳಿಸಿಕೊಂಡರು.

ತಟ್ಟೆ 12 ಅಂಗುಲ ವ್ಯಾಸದ್ದು; ದಪ್ಪ ಅಂಗುಲದ ಐದನೆಯ ಒಂದು ಭಾಗ, ಅಂದರೆ ಸುಮಾರು ಅರ್ಧ ಸೆಂಟಿಮೀಟರ್. ಅದನ್ನು ಹಿತ್ತಾಳೆಯ ಅಚ್ಚಿಗೆ ಸಿಕ್ಕಿಸಿ ಚೌಕಟ್ಟಿನಲ್ಲಿ ನಿಲ್ಲಿಸಲಾಗಿತ್ತು. ತಟ್ಟೆಯನ್ನು ತಿರುಗಿಸುವುದು ಕಷ್ಟದ ಕೆಲಸವಲ್ಲ. ತಿರುಗುತ್ತಿರುವ ತಟ್ಟೆಯಿಂದ ವಿದ್ಯುತ್ತನ್ನು ಬಸಿಯುವುದೇ ಕಷ್ಟ. ಒಣ ತಾಮ್ರಕ್ಕೆ ಒಣ ತಂತಿ ಉಜ್ಜಿದರೆ ಸಂಪರ್ಕ ಕ್ಷಣಕ್ಕೊಮ್ಮೆ ತಪ್ಪುತ್ತದೆ. ಆದ್ದರಿಂದ ಫ್ಯಾರಡೆ ತಟ್ಟೆಯ ಅಂಚಿಗೂ ಅಚ್ಚಿನ ಸುತ್ತಲಿನ ಭಾಗಕ್ಕೂ ಪಾದರಸದ ಲೇಪ ಕೊಟ್ಟರು. ತಾಮ್ರ ಮತ್ತು ಸೀಸದ ಚಿಕ್ಕ ಪಟ್ಟಿಗಳ ತುದಿಯನ್ನು ತಟ್ಟೆಯ ಅಂಚು ಕೂರುವಂತೆ ಕೊರೆದು, ಅದಕ್ಕೂ ಪಾದರಸ ಬಳಿದರು. ಒಂದು ಪಟ್ಟಿಯನ್ನು ಕೈಯಲ್ಲಿ ಹಿಡಿದು, ಧ್ರುವಗಳ ನಡುವೆ ಹಾದುಹೋಗುವ ಅಂಚಿಗೆ ಒತ್ತಿದರು. ಗ್ಯಾಲ್ವನೋಮೀಟರಿನ ಒಂದು ತಂತಿ ಆ ಪಟ್ಟಿಗೆ, ಇನ್ನೊಂದು ಅಚ್ಚಿಗೆ.

ತಟ್ಟೆ ನಿಂತಿದ್ದಾಗ ಸೂಜಿ ಅಲುಗಲಿಲ್ಲ. ತಟ್ಟೆ ತಿರುಗಿದೊಡನೆ ಸೂಜಿ ಒಂದು ಬದಿಗೆ ಸರಿಯಿತು. ಬಳೆಯ ಪ್ರಯೋಗದಂತೆ ಒಮ್ಮೆ ತುಯ್ದು ಹಿಂತಿರುಗದೆ, ತಟ್ಟೆ ತಿರುಗುವಷ್ಟು ಹೊತ್ತೂ ಸುಮಾರು 45 ಡಿಗ್ರಿಯಷ್ಟು ವಾಲಿಯೇ ನಿಂತಿತು. ಆದರೂ ಒಂದು ಸಂಶಯಕ್ಕೆ ಎಡೆಯಿತ್ತು. ಲೋಹಕ್ಕೆ ಲೋಹ ಉಜ್ಜಿದರೆ ಬಿಸಿಯಾಗುತ್ತದೆ. ಬೇರೆ ಬೇರೆ ಲೋಹಗಳ ಸಂಧಿ ಬಿಸಿಯಾದರೂ ಸಣ್ಣ ಪ್ರವಾಹ ಹುಟ್ಟುತ್ತದೆ. ಹಾಗಿದ್ದರೆ ಸೂಜಿ ಸರಿದದ್ದು ಅಯಸ್ಕಾಂತದಿಂದಲೋ ಉಜ್ಜಾಟದಿಂದಲೋ? ಇದನ್ನು ತಿಳಿಯುವ ದಾರಿ ಸರಳವಾದದ್ದು. ತಟ್ಟೆಯನ್ನು ಹಿಂದುಮುಂದಾಗಿ ತಿರುಗಿಸಬೇಕು. ಉಜ್ಜಾಟದ ಬಿಸಿಗೆ ದಿಕ್ಕಿನ ಪರಿವೆಯಿಲ್ಲ; ಹೇಗೆ ತಿರುಗಿಸಿದರೂ ಅದು ಸೂಜಿಯನ್ನು ಒಂದೇ ಬದಿಗೆ ತಳ್ಳುತ್ತದೆ. ಫ್ಯಾರಡೆ ತಟ್ಟೆಯನ್ನು ಹಿಂದಕ್ಕೆ ತಿರುಗಿಸಿದಾಗ ಸೂಜಿ ಇನ್ನೊಂದು ಬದಿಗೆ ವಾಲಿತು. ಮೇಜನ್ನು ಹೊರಗೆಳೆದು ಮತ್ತೆ ಒಳಗೆ ತಳ್ಳಿದ ನಮ್ಮ ತಂತ್ರಜ್ಞರೂ ಇದೇ ಜಾತಿಯ ಪರೀಕ್ಷೆಯನ್ನು ಮಾಡಿದ್ದರು: ಸಂಶಯಪಟ್ಟ ಕಾರಣವನ್ನು ಮಾತ್ರ ಬದಲಿಸಿ, ಪರಿಣಾಮವೂ ಬದಲಾಗುತ್ತದೆಯೇ ಎಂದು ನೋಡುವುದು.

ಈಗ ತಟ್ಟೆಯೊಳಗೆ ಇಣುಕೋಣ. ತಟ್ಟೆ ಮೇಜಿನಂತೆ ಮಟ್ಟಸವಾಗಿದೆ, ಅಯಸ್ಕಾಂತದ ಉತ್ತರ ಧ್ರುವ ಅದರ ಕೆಳಗಿದೆ, ಕ್ಷೇತ್ರ ಕೆಳಗಿನಿಂದ ಮೇಲಕ್ಕೆ ತಟ್ಟೆಯನ್ನು ಲಂಬವಾಗಿ ಹಾಯುತ್ತಿದೆ ಎಂದು ಭಾವಿಸೋಣ. ಮೇಲಿನಿಂದ ನೋಡುವಾಗ ತಟ್ಟೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತಿದೆ. ತಾಮ್ರದೊಳಗಿನ ವಿದ್ಯುದಂಶಗಳೆಲ್ಲ ತಟ್ಟೆಯ ಜೊತೆಗೇ ಸುತ್ತುತ್ತವೆ. ಚಲಿಸುವ ವಿದ್ಯುದಂಶದ ಮೇಲೆ ಕಾಂತಕ್ಷೇತ್ರ ಹಾಕುವ ಬಲ, ಚಲನೆಗೂ ಕ್ಷೇತ್ರಕ್ಕೂ ಎರಡಕ್ಕೂ ಲಂಬವಾಗಿರುತ್ತದೆ. ಚಲನೆ ಸುತ್ತಲಿನ ದಿಕ್ಕಿನಲ್ಲಿ, ಕ್ಷೇತ್ರ ಮೇಲಕ್ಕೆ. ಎರಡಕ್ಕೂ ಲಂಬವಾಗಿ ಉಳಿಯುವ ದಿಕ್ಕು ಒಂದೇ, ಗಾಲಿಯ ಅರಕಾಲಿನಂತೆ ನಡುವಿನಿಂದ ಹೊರಕ್ಕೆ ಸಾಗುವ ತ್ರಿಜ್ಯದ ದಿಕ್ಕು. ಹೀಗಾಗಿ ಈ ತಟ್ಟೆಯಲ್ಲಿ ಅಂಚು ಧನವಾಗುತ್ತದೆ, ಅಚ್ಚು ಋಣವಾಗುತ್ತದೆ. ತಿರುಗುವ ದಿಕ್ಕನ್ನೋ ಧ್ರುವವನ್ನೋ ಬದಲಿಸಿದರೆ ಇದು ತಲೆಕೆಳಗಾಗುತ್ತದೆ.

ಆ ಬಲದ ಪ್ರಮಾಣವನ್ನೂ ಲೆಕ್ಕ ಹಾಕೋಣ. ಫ್ಯಾರಡೆಯ ತಟ್ಟೆಯ ತ್ರಿಜ್ಯ ಸುಮಾರು 15 ಸೆಂಟಿಮೀಟರ್. ಸೆಕೆಂಡಿಗೆ ಎರಡು ಸುತ್ತು ತಿರುಗಿಸಿದರೆ ಅಂಚು ಸೆಕೆಂಡಿಗೆ ಸುಮಾರು 1.9 ಮೀಟರ್ ಓಡುತ್ತದೆ, ಅಚ್ಚಿನ ನಟ್ಟನಡು ಓಡುವುದೇ ಇಲ್ಲ. ಆದ್ದರಿಂದ ಅಚ್ಚಿನಿಂದ ಅಂಚಿನವರೆಗಿನ ಗೆರೆಯ ಸರಾಸರಿ ವೇಗ ಅದರ ಅರ್ಧ, ಅಂದರೆ 0.95 ಮೀಟರಿನಷ್ಟು. ಸೂತ್ರದಲ್ಲಿರುವ ಆ ½ ಬಂದದ್ದು ಇಲ್ಲಿಂದಲೇ. ಇಡೀ ತಟ್ಟೆಯ ಮೇಲೆ 0.1 ಟೆಸ್ಲಾ ಕ್ಷೇತ್ರವಿದೆ ಎಂದಿಟ್ಟುಕೊಂಡರೆ, ಕ್ಷೇತ್ರ, ಸರಾಸರಿ ವೇಗ, ತ್ರಿಜ್ಯ ಈ ಮೂರನ್ನೂ ಗುಣಿಸಿದಾಗ ಸಿಗುವುದು 0.014 ವೋಲ್ಟ್. ಟಾರ್ಚಿನ ಒಂದು ಸೆಲ್ಲು ಇದರ ನೂರು ಪಟ್ಟು ಕೊಡುತ್ತದೆ. ಫ್ಯಾರಡೆಗೆ ಇಷ್ಟೂ ಸಿಕ್ಕಿರಲಾರದು. ಏಕೆಂದರೆ ಅವರ ಧ್ರುವಗಳು ಇಡೀ ತಟ್ಟೆಯನ್ನು ಆವರಿಸದೆ ಅಂಚಿನ ಬಳಿಯ ಒಂದು ತುಣುಕನ್ನು ಮಾತ್ರ ಆವರಿಸಿದ್ದವು.

ಈ ತುಣುಕಿನ ವಿಷಯದಲ್ಲಿಯೇ ಅರಾಗೋ ಅವರ ಒಗಟಿಗೆ ಉತ್ತರವಿದೆ. ಧ್ರುವಗಳ ನಡುವಿರುವ ತಾಮ್ರದಲ್ಲಿ ಪ್ರವಾಹ ಹೊರಕ್ಕೆ ನೂಕಲ್ಪಡುತ್ತದೆ. ಅಂಚಿಗೆ ಒತ್ತಿದ ಪಟ್ಟಿಯಿದ್ದರೆ ಅದರಲ್ಲಿ ಒಂದು ಪಾಲು ಹೊರಬಂದು, ಗ್ಯಾಲ್ವನೋಮೀಟರನ್ನು ದಾಟಿ, ಅಚ್ಚಿನ ಮೂಲಕ ಮತ್ತೆ ತಟ್ಟೆಯನ್ನು ಸೇರುತ್ತದೆ. ಆದರೆ ಪ್ರವಾಹಕ್ಕೆ ಇನ್ನೊಂದು ದಾರಿಯೂ ಇದೆ. ಧ್ರುವಗಳ ಆಚೀಚೆ ಇರುವ ತಾಮ್ರದ ಮೇಲೆ ಕ್ಷೇತ್ರವಿಲ್ಲ. ಅಲ್ಲಿ ಹೊರಕ್ಕೆ ನೂಕುವ ಬಲವೂ ಇಲ್ಲ. ಹೊರಗೆ ಬಂದ ಪ್ರವಾಹ ಎರಡೂ ಬದಿಗೆ ಹೊರಳಿ, ಆ ತಾಮ್ರದ ಮೂಲಕವೇ ಒಳಕ್ಕೆ ಹಿಂತಿರುಗಿ ಸುಳಿಯಾಗುತ್ತದೆ. ನದಿಯ ನಡುವಿನ ಸೆಳೆತ ದಡದ ಬಳಿ ಹಿಮ್ಮೊಗವಾಗಿ ಸುತ್ತುವಂತೆ. ಪಟ್ಟಿಯನ್ನು ಧ್ರುವದಿಂದ 50-60 ಡಿಗ್ರಿ ದೂರದ ಅಂಚಿಗೆ ಒತ್ತಿದರೂ ಪ್ರವಾಹ ಅದೇ ದಿಕ್ಕಿನಲ್ಲಿಯೇ ಬರುತ್ತದೆ, ಆದರೆ ದೂರ ಹೋದಂತೆ ಕ್ಷೀಣವಾಗುತ್ತದೆ ಎಂಬುದನ್ನೂ ಫ್ಯಾರಡೆ ಗಮನಿಸಿದ್ದರು.

ಅರಾಗೋ ಅವರ ತಟ್ಟೆಗೆ ಹೊರಗಿನ ತಂತಿಯೇ ಇರಲಿಲ್ಲ. ಅಲ್ಲಿ ಹುಟ್ಟಿದ್ದೆಲ್ಲವೂ ಸುಳಿಯಾಗಿ ಒಳಗೇ ಸುತ್ತುತ್ತಿತ್ತು. ಆ ಸುಳಿಪ್ರವಾಹಗಳು ತಾವೇ ಅಯಸ್ಕಾಂತದಂತೆ ವರ್ತಿಸಿ ಸೂಜಿಯನ್ನು ಎಳೆಯುತ್ತಿದ್ದವು. ಬ್ಯಾಬೇಜ್ ಮತ್ತು ಹರ್ಷೆಲ್ ಮಾಡಿದ ಸೀಳುಗಳು ಸುಳಿ ಹೊರಳುವ ದಾರಿಯನ್ನು ಕಡಿದದ್ದರಿಂದ ಎಳೆತ ಕುಗ್ಗಿತು. ಬೆಸುಗೆ ಹಾಕಿದಾಗ ದಾರಿ ಮತ್ತೆ ಕೂಡಿಕೊಂಡಿತು. ಅರಾಗೋ ಸೂಜಿಯಲ್ಲಿ ಕಂಡ ಪರಿಣಾಮ ಮತ್ತು ಫ್ಯಾರಡೆ ಗ್ಯಾಲ್ವನೋಮೀಟರಿನಲ್ಲಿ ಕಂಡ ಪರಿಣಾಮ ಎರಡೂ ಒಂದೇ ಪ್ರವಾಹದ್ದು, ದಾರಿ ಮಾತ್ರ ಬೇರೆ. ತಟ್ಟೆ ಒಳ್ಳೆಯ ವಿದ್ಯುಜ್ಜನಕವಾಗದೆ ಉಳಿದದ್ದಕ್ಕೂ ಈ ಸುಳಿ ಒಂದು ಕಾರಣ. ತಿರುಗಿಸುವ ಕೈಯ ದುಡಿಮೆಯ ಬಹುಪಾಲು ತಂತಿಗೆ ಬಾರದೆ ತಾಮ್ರವನ್ನು ಬಿಸಿ ಮಾಡುವುದರಲ್ಲಿಯೇ ಕಳೆಯುತ್ತದೆ. ಇಡೀ ತಟ್ಟೆಯ ಮೇಲೆ ಸಮನಾದ ಕ್ಷೇತ್ರವಿದ್ದು, ಅಂಚಿನ ಸುತ್ತಲೂ ಸಂಪರ್ಕವಿದ್ದರೆ ಈ ಹಿಮ್ಮೊಗದ ಹರಿವಿಗೆ ಎಡೆಯಿರುವುದಿಲ್ಲ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ, ಪಿ.ಯು.ಸಿ.ಯಲ್ಲಿ ನಮ್ಮನ್ನು ಕಾಡಬೇಕಿದ್ದದ್ದು ಇದೇ. ಮಂಡಲವೊಂದರ ಮೂಲಕ ಹಾಯುವ ಕಾಂತಪ್ರವಾಹ ಬದಲಾದರೆ ಮಾತ್ರ ವಿದ್ಯುತ್ತು ಹುಟ್ಟುತ್ತದೆ ಎಂದು ನಾವು ಕಲಿತೆವು. ಇಲ್ಲಿ ಅಯಸ್ಕಾಂತ ಕದಲಿಲ್ಲ, ತಂತಿ ಕದಲಿಲ್ಲ. ತಟ್ಟೆಯ ಒಂದು ತುಣುಕು ಹೋದಲ್ಲಿಗೆ ಅಂಥದೇ ಇನ್ನೊಂದು ಬಂದು ನಿಲ್ಲುತ್ತದೆ. ಬದಲಾದದ್ದು ಏನು? ಉತ್ತರ ಇಷ್ಟೇ: ಕಾಗದದ ಮೇಲೆ ಎಳೆದ ಗೆರೆಯನ್ನು ನೋಡಬಾರದು, ತಾಮ್ರವನ್ನೇ ನೋಡಬೇಕು. ತಟ್ಟೆಯ ಮೇಲೆ ಅಚ್ಚಿನಿಂದ ಅಂಚಿಗೆ ಬಣ್ಣದಲ್ಲಿ ಗೆರೆ ಎಳೆದರೆ, ಅದು ತಿರುಗುತ್ತಾ ಕ್ಷೇತ್ರದಲ್ಲಿ ಬೀಸಣಿಗೆಯಂತೆ ಜಾಗವನ್ನು ಗುಡಿಸಿಕೊಂಡು ಹೋಗುತ್ತದೆ. ಸೆಕೆಂಡಿಗೆ ಅದು ಗುಡಿಸುವ ವಿಸ್ತೀರ್ಣ ½ωR². ಅದನ್ನು ಕ್ಷೇತ್ರದಿಂದ ಗುಣಿಸಿದರೆ ನಮ್ಮ ಸೂತ್ರವೇ ಬರುತ್ತದೆ.

ಫ್ಯಾರಡೆ ಇದಕ್ಕಿಂತಲೂ ಆಳಕ್ಕೆ ಇಳಿದರು. 1832ರ ಜನವರಿಯಲ್ಲಿ ರಾಯಲ್ ಸೊಸೈಟಿಯ ಮುಂದೆ ಓದಿದ ಲೇಖನದಲ್ಲಿ ಅವರು ಇನ್ನೊಂದು ಪ್ರಯೋಗವನ್ನು ವಿವರಿಸಿದರು. ದುಂಡನೆಯ ಕಂಬದಂಥ ಅಯಸ್ಕಾಂತದ ತುದಿಗೆ, ನಡುವೆ ಕಾಗದವಿಟ್ಟು, ತಾಮ್ರದ ತಟ್ಟೆಯನ್ನು ಅಂಟಿಸಿದರು. ಎರಡನ್ನೂ ಒಟ್ಟಿಗೇ ತಿರುಗಿಸಿದರು. ಈಗ ಅಯಸ್ಕಾಂತದ ಎದುರು ತಟ್ಟೆ ಚಲಿಸುತ್ತಲೇ ಇಲ್ಲ. ಏನೂ ಆಗಬಾರದು ಎನಿಸುತ್ತದೆ. ಆದರೆ ಸೂಜಿ ಮೊದಲಿನಂತೆಯೇ ವಾಲಿತು. ಇದಕ್ಕೆ ವಿರುದ್ಧವಾಗಿ, ತಟ್ಟೆಯನ್ನು ನಿಲ್ಲಿಸಿ ಅಂಥ ಅಯಸ್ಕಾಂತವೊಂದನ್ನೇ ತನ್ನ ಅಚ್ಚಿನ ಮೇಲೆ ತಿರುಗಿಸಿದರೆ ಪ್ರವಾಹ ಹುಟ್ಟುವುದಿಲ್ಲ. ಅಂದರೆ ಕೇಳಬೇಕಾದ ಪ್ರಶ್ನೆ "ಅಯಸ್ಕಾಂತದ ಎದುರು ತಟ್ಟೆ ತಿರುಗುತ್ತಿದೆಯೇ" ಎಂಬುದಲ್ಲ. "ಮಂಡಲದ ಒಂದು ಭಾಗದ ಎದುರು ಇನ್ನೊಂದು ಭಾಗ ತಿರುಗುತ್ತಿದೆಯೇ" ಎಂಬುದು. ತಟ್ಟೆ ತಿರುಗುತ್ತಿದೆ, ಗ್ಯಾಲ್ವನೋಮೀಟರಿನ ತಂತಿ ನಿಂತಿದೆ. ಗ್ಯಾಲ್ವನೋಮೀಟರನ್ನೂ ತಟ್ಟೆಯ ಮೇಲೇ ಕೂರಿಸಿ ತಿರುಗಿಸಿದರೆ ಸೂಜಿ ಸುಮ್ಮನಿರುತ್ತದೆ. ಅಚ್ಚಿನಲ್ಲೂ ಅಂಚಿನಲ್ಲೂ ಇರುವ ಆ ಜಾರುವ ಸಂಪರ್ಕಗಳು ಉಪಕರಣದ ಅನಿವಾರ್ಯ ತೊಂದರೆ ಎಂದು ನಾವು ತಿಳಿದಿದ್ದೆವು. ಅವಿಲ್ಲದೆ ವಿಷಯವೇ ಇಲ್ಲ.

ಕ್ಷೇತ್ರವನ್ನು ಹಾಯುವ ಯಾವುದೇ ವಾಹಕದಲ್ಲಿ ಇದು ಆಗಬೇಕಲ್ಲವೇ ಎಂದು ಫ್ಯಾರಡೆ ಯೋಚಿಸಿದರು. ಹರಿಯುವ ನೀರೂ ವಾಹಕವೇ, ಭೂಮಿಯೂ ಅಯಸ್ಕಾಂತವೇ. ಅದೇ ಜನವರಿಯಲ್ಲಿ ಲಂಡನ್ನಿನ ವಾಟರ್ಲೂ ಸೇತುವೆಯ ಕೈಪಿಡಿಗೋಡೆಯ ಉದ್ದಕ್ಕೂ 960 ಅಡಿ ತಾಮ್ರದ ತಂತಿ ಹಾಸಿ, ಅದರ ಎರಡು ತುದಿಗಳಿಂದ ಲೋಹದ ಹಲಗೆಗಳನ್ನು ಥೇಮ್ಸ್ ನದಿಗೆ ಇಳಿಬಿಟ್ಟರು. ನದಿ ಇಲ್ಲಿ ತಟ್ಟೆ, ಎರಡು ದಡಗಳೇ ಅಚ್ಚು ಮತ್ತು ಅಂಚು. ಮೂರು ದಿನ ಪ್ರಯತ್ನಿಸಿದರೂ ನಂಬಬಹುದಾದ ಫಲಿತಾಂಶ ಸಿಗಲಿಲ್ಲ. ಹಲಗೆಗಳಿಗೆ ನೀರು ತಾಗಿದಲ್ಲಿ ಹುಟ್ಟುವ ರಾಸಾಯನಿಕ ಪ್ರವಾಹಗಳೇ, ಹುಡುಕುತ್ತಿದ್ದ ಸೂಕ್ಷ್ಮ ಪ್ರವಾಹವನ್ನು ಮುಳುಗಿಸಿಬಿಟ್ಟವು. ತಟ್ಟೆಯನ್ನಾದರೆ ಹಿಂದಕ್ಕೆ ತಿರುಗಿಸಿ ನೋಡಬಹುದಿತ್ತು. ನದಿಯನ್ನು ಬೇಕೆಂದಾಗ ಹಿಂದಕ್ಕೆ ಹರಿಸಲಾಗದು.

ಥೇಮ್ಸ್‌ನಲ್ಲಿ ಕೈಗೆ ಸಿಗದದ್ದು ಎಂ.ಆರ್.ಐ. ಸುರಂಗದಲ್ಲಿ ನಮ್ಮ ಕಣ್ಣೆದುರೇ ಎದ್ದು ನಿಂತಿತ್ತು. ರಕ್ತ ಉಪ್ಪಿನಂಶವುಳ್ಳ ದ್ರವ, ಒಳ್ಳೆಯ ವಾಹಕ. ಹೃದಯ ಸಂಕುಚಿಸಿದಾಗ ಅದು ಮಹಾಪಧಮನಿಯ ಕಮಾನಿನಲ್ಲಿ ಸೆಕೆಂಡಿಗೆ ಸುಮಾರು ಒಂದು ಮೀಟರಿನಷ್ಟು ವೇಗದಲ್ಲಿ, 1.5 ಟೆಸ್ಲಾ ಕ್ಷೇತ್ರಕ್ಕೆ ಅಡ್ಡಲಾಗಿ ನುಗ್ಗುತ್ತದೆ. ನಾಳದ ಅಗಲ ಎರಡೂವರೆ ಸೆಂಟಿಮೀಟರ್ ಎಂದುಕೊಂಡರೆ ಅದರ ಎರಡು ಗೋಡೆಗಳ ನಡುವೆ ಮೂವತ್ತು ನಲವತ್ತು ಮಿಲಿವೋಲ್ಟ್ ಹುಟ್ಟಬಲ್ಲದು. ಪ್ರವಾಹ ಸುತ್ತಲಿನ ಅಂಗಾಂಶಗಳ ಮೂಲಕ ಹೊರಳಿ, ತಟ್ಟೆಯ ಸುಳಿಯಂತೆಯೇ ಹಿಂತಿರುಗುತ್ತದೆ. ಎದೆಯ ಚರ್ಮವನ್ನು ತಲುಪುವುದು ಅದರ ಸಣ್ಣದೊಂದು ಪಾಲು. ಆದರೆ ಹೃದಯದ ಸ್ವಂತ ಸಂಕೇತವೂ ಅಲ್ಲಿ ಒಂದು ಮಿಲಿವೋಲ್ಟಿನ ಆಸುಪಾಸಿನದೇ. ರಕ್ತ ಹೊರಚಿಮ್ಮುವ ಹೊತ್ತೂ ಟಿ ತರಂಗ ಮೂಡುವ ಹೊತ್ತೂ ಒಂದಕ್ಕೊಂದು ಹೊಂದಿಕೊಂಡಿರುವುದರಿಂದ, ಗುಡ್ಡ ಸರಿಯಾಗಿ ಅಲ್ಲಿಯೇ ಏಳುತ್ತದೆ. ಆದ್ದರಿಂದಲೇ ಸುರಂಗದೊಳಗಿನ ಇ.ಸಿ.ಜಿ.ಯಿಂದ ಹೃದಯದ ಬಡಿತವನ್ನು ಎಣಿಸಬಹುದೇ ಹೊರತು, ಟಿ ತರಂಗವನ್ನು ನೋಡಿ ರೋಗವನ್ನು ತೀರ್ಮಾನಿಸಬಾರದು. ರೋಗಿಗೆ ಎದೆನೋವಿದ್ದರೆ ಮೊದಲು ಹೊರಗೆ ತಂದು, ಮತ್ತೆ ಇ.ಸಿ.ಜಿ. ತೆಗೆದು ನೋಡಬೇಕು.

ಆ ಸಂಜೆಯ ರೋಗಿ ಪರೀಕ್ಷೆ ಮುಗಿಸಿ ಎದ್ದು ಕೂತು, "ಎಲ್ಲ ಸರಿಯಿದೆಯೇ?" ಎಂದು ಕೇಳಿದರು. ಸರಿಯಿದೆ ಎಂದೆವು. ಏಕೆ ಸರಿಯಿದೆ ಎಂಬುದನ್ನು ನಾವು ತಿಳಿದುಕೊಂಡದ್ದು ಆಮೇಲೆ, ವುಲಿಚ್‌ನ ಆ ತಾಮ್ರದ ತಟ್ಟೆಯ ಬಗ್ಗೆ ಓದಿದ ಮೇಲೆ.